ರೆಕಾರ್ಡ್ ಪುಸ್ತಕದ ಫೋಟೊ ನೋಡಿ ಸಾರ್ಥಕ ಅಂಕಿ ತಿದ್ದುವುದು ಹೇಗೆ?

ಪಿಯುಸಿ ಮಕ್ಕಳಿಗೆ ಪಾಠ ಹೇಳುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಹುಡುಗರು ಪ್ರಾಕ್ಟಿಕಲ್ ರೆಕಾರ್ಡ್‌ನ ಫೋಟೊ ಕಳಿಸುತ್ತಾರೆ. ಲೆಕ್ಕ ಸರಿ ಇರುವಂತೆ ಕಾಣುತ್ತದೆ, ಕೊನೆಯ ಉತ್ತರದಲ್ಲಿ ನಾಲ್ಕು ಅಂಕಿ ಇದೆ. ಅದನ್ನು ಒಪ್ಪಬೇಕೋ, ಎರಡಕ್ಕೆ ಇಳಿಸಿ ಎನ್ನಬೇಕೋ? ಎಲ್ಲಿ ತಪ್ಪಿದೆ ಎಂದು ಖಚಿತವಾಗಿ ಹೇಳುವುದು ಹೇಗೆ?"

ಸಾರ್ಥಕ ಅಂಕಿ ಎಂದರೆ ಅಳತೆಯಲ್ಲಿ ನಿಜಕ್ಕೂ ನಂಬಬಹುದಾದ ಅಂಕಿಗಳು ಮತ್ತು ಅವುಗಳ ಜೊತೆ ಅನುಮಾನವಿರುವ ಕೊನೆಯ ಒಂದು ಅಂಕಿ. ತರಗತಿಯಲ್ಲಿ ಎಲ್ಲರೂ ಸಿಗ್ನಿಫಿಕೆಂಟ್ ಫಿಗರ್ಸ್ ಎನ್ನುವುದು ಇದಕ್ಕೇ. ಇದರ ನಿಯಮಗಳು ಎರಡು ಮೂರು ವಾಕ್ಯದಲ್ಲಿ ಮುಗಿಯುತ್ತವೆ. ತೊಡಕಿರುವುದು ಫೋಟೊದಲ್ಲಿ. ಚುಕ್ಕಿ ಅಳಿಸಿಹೋಗಿ, 1 ಎಂಬುದು 7ರಂತೆ ಕಂಡು, ಮೈನಸ್ ಗುರುತು ಗೆರೆಯಲ್ಲಿ ಸೇರಿಹೋದಾಗ ನಾವು ಮಗುವಿನ ತಪ್ಪನ್ನಲ್ಲ, ನಮ್ಮ ಓದಿನ ತಪ್ಪನ್ನೇ ತಿದ್ದುತ್ತಿರುತ್ತೇವೆ. ಹಾಗಾಗಿ ಮೊದಲು ಓದು ಖಚಿತವಾಗಬೇಕು, ಆಮೇಲೆ ಲೆಕ್ಕ, ಕೊನೆಗೆ ಅಂಕಿಗಳ ತೀರ್ಮಾನ. ಈ ಕ್ರಮ ತಿರುವು ಮುರುವಾಗಬಾರದು.

ಉದಾಹರಣೆಗೆ ಒಂದೇ ಪ್ರಯೋಗವನ್ನು ಕೊನೆಯವರೆಗೆ ಹಿಡಿದುಕೊಳ್ಳೋಣ: ಮೀಟರ್ ಬ್ರಿಡ್ಜ್ ಬಳಸಿ ತಂತಿಯ ರೆಸಿಸ್ಟಿವಿಟಿ, ಅಂದರೆ ರೋಧಶೀಲತೆ, ಕಂಡುಹಿಡಿಯುವುದು. ಎಡ ಗ್ಯಾಪ್‌ನಲ್ಲಿ ರೆಸಿಸ್ಟೆನ್ಸ್ ಬಾಕ್ಸ್, ಬಲ ಗ್ಯಾಪ್‌ನಲ್ಲಿ ಕಾನ್‌ಸ್ಟಂಟನ್ ತಂತಿ. ಬೇಕಾಗುವ ಸೂತ್ರಗಳು ಎರಡು:

X = R(100 − l)/l

ρ = πd²X/4L

ಇಲ್ಲಿ l ಎಂಬುದು ಜಾಕಿ ಮುಟ್ಟಿಸಿದಾಗ ಗ್ಯಾಲ್ವನೋಮೀಟರ್ ಮುಳ್ಳು ಸೊನ್ನೆಗೆ ನಿಲ್ಲುವ ಬ್ಯಾಲೆನ್ಸಿಂಗ್ ಉದ್ದ. R ಬಾಕ್ಸ್‌ನ ರೆಸಿಸ್ಟೆನ್ಸ್, X ತಂತಿಯ ರೆಸಿಸ್ಟೆನ್ಸ್, ρ ರೋಧಶೀಲತೆ, d ತಂತಿಯ ವ್ಯಾಸ, L ತಂತಿಯ ಉದ್ದ.

ಕೈಯಲ್ಲಿ ಇರಬೇಕಾದದ್ದು

ಪ್ರಯೋಗದ ಎದುರು ಬದುರು ಎರಡೂ ಪುಟಗಳ ಫೋಟೊ ಬೇಕು. ಗೆರೆ ಇರುವ ಬಲಪುಟದಲ್ಲಿ ಉದ್ದೇಶ, ವಿಧಾನ, ಫಲಿತಾಂಶ ಇರುತ್ತದೆ. ಗೆರೆ ಇಲ್ಲದ ಎಡಪುಟದಲ್ಲಿ ಚಿತ್ರ, ಟೇಬಲ್, ಲೆಕ್ಕ ಇರುತ್ತದೆ, ಅದೂ ಬಹುತೇಕ ಪೆನ್ಸಿಲ್‌ನಲ್ಲಿ. ನಮಗೆ ಮುಖ್ಯವಾದದ್ದು ಎಡಪುಟ, ಫೋಟೊದಲ್ಲಿ ಮಂಕಾಗುವುದೂ ಅದೇ. ಇದರ ಜೊತೆಗೆ ಒಂದು ಕ್ಯಾಲ್ಕುಲೇಟರ್, ಮಗು ಲಾಗ್ ಟೇಬಲ್ ಬಳಸಿದ್ದರೆ ಅದರದ್ದೊಂದು ಪ್ರತಿ, ಮತ್ತು ಬರೆದುಕೊಳ್ಳಲು ಖಾಲಿ ಹಾಳೆ ಇಟ್ಟುಕೊಳ್ಳಿ.

1. ಮೊದಲು ಫೋಟೊ ಸರಿಯಿದೆಯೇ ನೋಡಿ

ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯ ಫೋಟೊ ಆಗಿ ಬಂದದ್ದು ಕುಗ್ಗಿರುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿದರೆ ಮೂಲ ಫೈಲ್ ಹಾಗೇ ಬರುತ್ತದೆ. ಪುಸ್ತಕವನ್ನು ಚಪ್ಪಟೆಯಾಗಿಟ್ಟು, ನೇರ ಮೇಲಿನಿಂದ, ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಹಾಕದೆ ತೆಗೆಯಬೇಕು. ಪೆನ್ಸಿಲ್ ಬರಹಕ್ಕೆ ಫ್ಲ್ಯಾಶ್ ಬಿದ್ದರೆ ಸೀಸ ಹೊಳೆದು ಅಕ್ಷರ ಮಾಯವಾಗುತ್ತದೆ.

ಸ್ಕ್ಯಾನ್ ಮಾಡುವ ಆ್ಯಪ್‌ಗಳ ಕಪ್ಪು ಬಿಳುಪು ಫಿಲ್ಟರ್ ಬಗ್ಗೆ ವಿಶೇಷ ಎಚ್ಚರಿಕೆ ಬೇಕು. ಅದು ಪುಟವನ್ನು ಚೆಂದ ಕಾಣಿಸುತ್ತದೆ ನಿಜ. ಆದರೆ ತೆಳು ಪೆನ್ಸಿಲ್ ಚುಕ್ಕಿಯನ್ನು ಬಿಳಿ ಮಾಡಿ ಅಳಿಸುತ್ತದೆ, ಕಾಗದದ ಮೇಲಿನ ಕೊಳೆಯನ್ನು ಕಪ್ಪು ಮಾಡಿ ಚುಕ್ಕಿಯಾಗಿಸುತ್ತದೆ. ಸಾರ್ಥಕ ಅಂಕಿ ನೋಡುವ ಕೆಲಸಕ್ಕೆ ಆ ಫಿಲ್ಟರ್ ಬೇಡವೇ ಬೇಡ, ಬಣ್ಣದ ಫೋಟೊವೇ ಇರಲಿ. ಹಿಂದಿನ ಪುಟದ ಶಾಯಿ ಈ ಕಡೆಗೆ ಮೂಡಿದೆಯೇ ಎಂಬುದೂ ಬಣ್ಣದಲ್ಲಿ ಮಾತ್ರ ಗೊತ್ತಾಗುತ್ತದೆ.

ಪುಟದ ಅಂಚು ಕತ್ತರಿಸಿಹೋಗಿದ್ದರೆ ಮುಂದೆ ಹೋಗಬೇಡಿ. ಟೇಬಲ್‌ನ ಕೊನೆಯ ಕಾಲಮ್ ಅಂಚಿಗೆ ತಾಗಿರುತ್ತದೆ, ಅಲ್ಲಿ 48.0 ಎಂಬುದರ ಸೊನ್ನೆ ಕತ್ತರಿಸಿಹೋದರೆ ಮೂರು ಅಂಕಿ ಇದ್ದದ್ದು ಎರಡಾಗಿ ಕಾಣುತ್ತದೆ.

2. ಅಂಕಿಗಳನ್ನು ಲೆಕ್ಕದಿಂದಲೇ ಓದಿ

ಕಣ್ಣಿಗೆ ಕಂಡದ್ದನ್ನು ನಂಬುವ ಮೊದಲು ಟೇಬಲ್‌ನ ಪಕ್ಕದ ಕಾಲಮ್ ಜೊತೆ ತಾಳೆ ನೋಡಿ. ಕೆಲಸದ ಮುಕ್ಕಾಲು ಪಾಲು ಇಲ್ಲೇ ಇದೆ. ನಮ್ಮ ಉದಾಹರಣೆಯ ಟೇಬಲ್ ಹೀಗಿದೆ:

R = 1 ಓಮ್, l = 31.7 ಸೆಂ.ಮೀ., 100 − l = 68.3 ಸೆಂ.ಮೀ., X = 2.155 ಓಮ್
R = 2 ಓಮ್, l = 48 ಸೆಂ.ಮೀ., 100 − l = 52 ಸೆಂ.ಮೀ., X = 2.167 ಓಮ್
R = 3 ಓಮ್, l = 58.2 ಸೆಂ.ಮೀ., 100 − l = 41.8 ಸೆಂ.ಮೀ., X = 2.155 ಓಮ್

ಮೊದಲ ಸಾಲಿನ 31.7 ಫೋಟೊದಲ್ಲಿ 37.7ರಂತೆ ಕಾಣುತ್ತದೆ ಎಂದುಕೊಳ್ಳಿ. ಪಕ್ಕದ ಕಾಲಮ್‌ನಲ್ಲಿ 68.3 ಇದೆ. ಎರಡೂ ಕೂಡಿ 100.0 ಆಗಬೇಕು. 37.7 ಆಗಿದ್ದರೆ ಪಕ್ಕದಲ್ಲಿ 62.3 ಇರಬೇಕಿತ್ತು. ಅಲ್ಲಿಗೆ ಅದು 31.7 ಎಂದು ತೀರ್ಮಾನವಾಯಿತು. X ಕಾಲಮ್‌ನ ಮೂರನೇ ಅಂಕಿ 5ೋ 6ೋ ಎಂಬ ಅನುಮಾನವೂ ಹೀಗೇ ಬಗೆಹರಿಯುತ್ತದೆ: 68.3 ಅನ್ನು 31.7ರಿಂದ ಭಾಗಿಸಿದರೆ 2.1546 ಬರುತ್ತದೆ, ಆದ್ದರಿಂದ 2.155.

ತಂತಿಯ ವ್ಯಾಸ ಅಳೆದ ಸ್ಕ್ರೂ ಗೇಜ್ ಟೇಬಲ್‌ನಲ್ಲಿ ಮೈನಸ್ ಗುರುತು ಕಳೆದುಹೋಗುವುದು ಹೆಚ್ಚು. ಸೊನ್ನೆ ದೋಷ −3 ವಿಭಾಗ ಎಂದು ಬರೆದಿದ್ದರೆ ತಿದ್ದುಪಡಿ +3 ಆಗುತ್ತದೆ. ಗುರುತು ಕಾಣದಿದ್ದರೆ ಹೆಡ್ ಸ್ಕೇಲ್ ಓದು 35 ಇರುವ ಸಾಲಿನ ಕೊನೆಯ ಕಾಲಮ್ ನೋಡಿ. ಅಲ್ಲಿ 0.38 ಇದ್ದರೆ ಮಗು ಮೂರನ್ನು ಕೂಡಿದ್ದಾನೆ, ಅಂದರೆ ದೋಷ ಮೈನಸ್. 0.32 ಇದ್ದರೆ ಕಳೆದಿದ್ದಾನೆ.

ಲಾಗ್ ಲೆಕ್ಕದಲ್ಲಿ ಇನ್ನೊಂದು ಬಲೆ ಇದೆ. ಒಂದಕ್ಕಿಂತ ಸಣ್ಣ ಸಂಖ್ಯೆಯ ಲಾಗ್ ಬರೆಯುವಾಗ ಪೂರ್ಣಾಂಕ ಭಾಗದ ತಲೆಯ ಮೇಲೆ ಒಂದು ಅಡ್ಡಗೆರೆ ಎಳೆಯುತ್ತಾರಲ್ಲ, ಅದನ್ನು ಬಾರ್ ಎನ್ನುತ್ತಾರೆ. ಲೆಕ್ಕವನ್ನು ಗೆರೆಪುಟದಲ್ಲಿ ಮಾಡಿದ್ದರೆ ಆ ಬಾರ್ ಮೇಲಿನ ನೀಲಿ ಗೆರೆಯಲ್ಲಿ ಸೇರಿಹೋಗುತ್ತದೆ. ಆಗ ಬಾರ್ 7.6956 ಎಂಬುದು ಬರೀ 7.6956 ಆಗಿ ಕಾಣುತ್ತದೆ. ಕೊನೆಯ ಉತ್ತರದಲ್ಲಿ 10ರ ಘಾತ −7 ಇದ್ದರೆ ಬಾರ್ ಇತ್ತು ಎಂದೇ ಅರ್ಥ.

ಹೀಗೆ ತಾಳೆ ನೋಡಿದರೂ ಬಗೆಹರಿಯದ ಅಂಕಿ ಉಳಿದರೆ, ಉದಾಹರಣೆಗೆ ಒಂದರ ಮೇಲೊಂದು ತಿದ್ದಿ ಬರೆದ ಅಂಕಿ, ಆ ಸಾಲಿನ ಹತ್ತಿರದ ಫೋಟೊ ಕೇಳಿ. ಊಹಿಸಿ ಮಾರ್ಕ್ ಹಾಕುವುದು ಮಗುವಿಗೆ ಮಾಡುವ ಅನ್ಯಾಯ.

3. ಉಪಕರಣ ಎಷ್ಟು ಅಂಕಿ ಕೊಟ್ಟಿದೆ ಎಂದು ಬರೆದುಕೊಳ್ಳಿ

ಉತ್ತರದಲ್ಲಿ ಎಷ್ಟು ಅಂಕಿ ಇರಬೇಕು ಎಂದು ಹೇಳುವುದು ಉಪಕರಣದ ಲೀಸ್ಟ್ ಕೌಂಟ್, ಅಂದರೆ ಅದು ಓದಬಲ್ಲ ಅತಿ ಸಣ್ಣ ಅಳತೆ. ಹಾಳೆಯಲ್ಲಿ ಪ್ರತಿ ಅಳತೆಯ ಮುಂದೆ ಅದರ ಸಾರ್ಥಕ ಅಂಕಿ ಬರೆಯಿರಿ.

ಬ್ರಿಡ್ಜ್‌ನ ಸ್ಕೇಲ್ ಮಿಲಿಮೀಟರ್‌ವರೆಗೆ ಇದೆ, ಆದ್ದರಿಂದ l = 31.7 ಸೆಂ.ಮೀ. ಮೂರು ಅಂಕಿ. ಎರಡನೇ ಸಾಲಿನಲ್ಲಿ 48 ಎಂದಷ್ಟೇ ಇದೆ. ಮೇಲೆ ಕೆಳಗೆ ಎರಡೂ ಸಾಲುಗಳಲ್ಲಿ ದಶಮಾಂಶದ ನಂತರ ಒಂದು ಅಂಕಿ ಇರುವುದರಿಂದ ಇದು 48.0 ಎಂದೇ ಓದಿದ ಅಳತೆ, ಸೊನ್ನೆ ಬರೆಯುವುದು ಬಿಟ್ಟುಹೋಗಿದೆ. ಬರವಣಿಗೆಯ ತಪ್ಪು ಎಂದು ಗುರುತು ಹಾಕಿ, ಆದರೆ ಎರಡೇ ಅಂಕಿ ಎಂದು ಲೆಕ್ಕ ಹಿಡಿಯಬೇಡಿ.

100 − l ಕಳೆಯುವ ಲೆಕ್ಕ. ಕೂಡುವಾಗ ಕಳೆಯುವಾಗ ನೋಡಬೇಕಾದದ್ದು ಒಟ್ಟು ಅಂಕಿಗಳನ್ನಲ್ಲ, ದಶಮಾಂಶ ಸ್ಥಾನಗಳನ್ನು. 100 ಎಂಬುದು ಸ್ಕೇಲ್‌ನ ಪೂರ್ತಿ ಉದ್ದ, ಅದನ್ನು ಒಂದೇ ಸಾರ್ಥಕ ಅಂಕಿ ಎಂದು ಎಣಿಸುವುದು ತಪ್ಪು. ಹಾಗಾಗಿ 68.3 ಮೂರು ಅಂಕಿ. ಬ್ಯಾಲೆನ್ಸ್ ಬಿಂದು ತುದಿಯಲ್ಲಿ ಬಂದು l = 95.3 ಆಗಿದ್ದರೆ 100 − l = 4.7 ಆಗಿ ಒಂದು ಅಂಕಿ ಕಳೆದುಹೋಗುತ್ತಿತ್ತು. ಬ್ಯಾಲೆನ್ಸ್ ಮಧ್ಯದಲ್ಲಿ ಬರಲಿ ಎಂದು ಲ್ಯಾಬ್‌ನಲ್ಲಿ ಹೇಳುವುದಕ್ಕೆ ಇದೂ ಒಂದು ಕಾರಣ.

R = 1 ಓಮ್ ನೋಡಿ "ಒಂದೇ ಅಂಕಿ, ಹಾಗಾದರೆ ಉತ್ತರವೂ ಒಂದೇ ಅಂಕಿ" ಎಂದು ಕೆಂಪು ಶಾಯಿ ಹಾಕುವವರಿದ್ದಾರೆ. ಅದು ತಪ್ಪು. ಬಾಕ್ಸ್‌ನ 1 ಓಮ್ ಎಂಬುದು ಸ್ಕೇಲ್ ನೋಡಿ ಓದಿದ ಅಳತೆಯಲ್ಲ, ತಯಾರಿಸುವಾಗಲೇ ಹೊಂದಿಸಿದ ಬೆಲೆ. ಅದರ ನಿಖರತೆ ಬಾಕ್ಸ್‌ನ ಗುಣಮಟ್ಟದಿಂದ ಬರುತ್ತದೆಯೇ ಹೊರತು ಬರೆದ ಅಂಕಿಗಳಿಂದಲ್ಲ. ಈ ಮಟ್ಟದ ಲೆಕ್ಕದಲ್ಲಿ ಅಂಕಿಗಳ ಮಿತಿ ಹಾಕಲು ಅದನ್ನು ಬಳಸುವುದಿಲ್ಲ. ಸೂತ್ರದ 4 ಮತ್ತು π ಕೂಡ ಹಾಗೆಯೇ.

ತಂತಿಯ ಉದ್ದ ಟೇಬಲ್‌ನಲ್ಲಿ 50.0 ಸೆಂ.ಮೀ. ಎಂದಿದೆ, ಲೆಕ್ಕದಲ್ಲಿ 0.5 ಮೀ. ಆಗಿದೆ. ಏಕಮಾನ ಬದಲಾಯಿಸುವಾಗ ಸೊನ್ನೆಗಳು ಉದುರಿವೆ. 0.500 ಎಂದು ಬರೆಯಬೇಕಿತ್ತು. ದಶಮಾಂಶಕ್ಕೆ ಮೊದಲಿರುವ ಸೊನ್ನೆ ಎಣಿಕೆಗೆ ಬರುವುದಿಲ್ಲ, ದಶಮಾಂಶದ ನಂತರ ಕೊನೆಯಲ್ಲಿ ಬರುವ ಸೊನ್ನೆಗಳು ಬರುತ್ತವೆ, ಆದ್ದರಿಂದ ಇದು ಮೂರು ಅಂಕಿ. ಲೆಕ್ಕದ ಸಾಲನ್ನಷ್ಟೇ ನೋಡಿದವರಿಗೆ ಇದು ತಿಳಿಯುವುದಿಲ್ಲ, ಟೇಬಲ್‌ಗೆ ಹಿಂದಿರುಗಲೇಬೇಕು.

ಕೊನೆಗೆ ವ್ಯಾಸ. ಸ್ಕ್ರೂ ಗೇಜ್‌ನ ಲೀಸ್ಟ್ ಕೌಂಟ್ 0.01 ಮಿ.ಮೀ. ತಿದ್ದಿದ ನಾಲ್ಕು ಓದುಗಳು 0.38, 0.39, 0.38, 0.38 ಮಿ.ಮೀ. ಪ್ರತಿಯೊಂದೂ ಎರಡೇ ಅಂಕಿ. ಇಡೀ ಪ್ರಯೋಗದ ಸೊಂಟ ಸಣ್ಣದಾಗುವುದು ಇಲ್ಲಿ. ಗುಣಿಸುವಾಗ ಭಾಗಿಸುವಾಗ ಅತಿ ಕಡಿಮೆ ಸಾರ್ಥಕ ಅಂಕಿ ಇರುವ ಅಳತೆಯೇ ಉತ್ತರದ ಮಿತಿ. ಆದ್ದರಿಂದ ρ ಎರಡೇ ಅಂಕಿಯಲ್ಲಿ ಇರಬೇಕು.

4. ಮಗು ನಡೆದ ದಾರಿಯಲ್ಲೇ ಲೆಕ್ಕ ಮಾಡಿ

ನಿಮ್ಮದೇ ದಾರಿಯಲ್ಲಿ ಲೆಕ್ಕ ಮಾಡಿ ಉತ್ತರ ಹೋಲಿಸಬೇಡಿ. ರೆಕಾರ್ಡ್‌ನಲ್ಲಿ ಮಧ್ಯೆ ಬರೆದಿರುವ ಬೆಲೆಗಳನ್ನೇ ಎತ್ತಿಕೊಂಡು ಮುಂದಿನ ಸಾಲು ಬರುತ್ತದೆಯೇ ನೋಡಿ. ನಮ್ಮ ಉದಾಹರಣೆಯಲ್ಲಿ X ಸರಾಸರಿ 2.159 ಓಮ್, d ಸರಾಸರಿ 0.3825 ಮಿ.ಮೀ., L 0.5 ಮೀ. ಎಂದಿದೆ. ಇವನ್ನು ಸೂತ್ರಕ್ಕೆ ಹಾಕಿದರೆ 4.962 × 10⁻⁷ ಓಮ್ ಮೀಟರ್. ರೆಕಾರ್ಡ್‌ನಲ್ಲಿಯೂ ಅದೇ ಇದೆ. ಅಲ್ಲಿಗೆ ಲೆಕ್ಕದಲ್ಲಿ ತಪ್ಪಿಲ್ಲ, ಉಳಿದಿರುವುದು ರೌಂಡ್ ಆಫ್ ಮಾತ್ರ.

ಮಗು ಲಾಗ್ ಟೇಬಲ್ ಬಳಸಿದ್ದರೆ ನಾಲ್ಕನೇ ಅಂಕಿ ಒಂದೆರಡರಷ್ಟು ಆಚೀಚೆ ಆಗಬಹುದು. 4.960 ಅಥವಾ 4.963 ಬಂದಿದ್ದರೂ ಅದು ತಪ್ಪಲ್ಲ. ನಾಲ್ಕು ಅಂಕಿಯ ಟೇಬಲ್‌ನ ಮಿತಿ ಅಷ್ಟೇ. ಅದೇ 4.862 ಬಂದಿದ್ದರೆ ಅದು ಟೇಬಲ್ ನೋಡುವಾಗ ಸಾಲು ತಪ್ಪಿದ್ದು ಅಥವಾ ಲಾಗ್‌ಗಳನ್ನು ಕೂಡುವಾಗ ಎಡವಿದ್ದು, ಅದಕ್ಕೂ ರೌಂಡ್ ಆಫ್‌ಗೂ ಸಂಬಂಧವಿಲ್ಲ.

ಕತ್ತರಿಸಿ ಬಿಡುವ ಅಭ್ಯಾಸವನ್ನು ಈ ಹಂತದಲ್ಲೇ ಹಿಡಿಯಬಹುದು. ಎರಡನೇ ಸಾಲಿನಲ್ಲಿ X ನಿಜಕ್ಕೂ 2.16666. ಇದು 2.167 ಆಗಬೇಕು. ಕೆಲವರು ಕ್ಯಾಲ್ಕುಲೇಟರ್‌ನ ಮೊದಲ ನಾಲ್ಕು ಅಂಕಿ ನಕಲು ಮಾಡಿ 2.166 ಎಂದು ನಿಲ್ಲಿಸುತ್ತಾರೆ. ಒಂದು ಕಡೆ ಹೀಗಿದ್ದರೆ ಕೈತಪ್ಪು ಎನ್ನಬಹುದು. ಇಡೀ ಕಾಲಮ್ ನೋಡಿ, ಎಲ್ಲ ಬೆಲೆಗಳೂ ಕೆಳಗಿನ ಕಡೆಗೇ ವಾಲಿದ್ದರೆ, ಅಂದರೆ ಮೊದಲನೆಯದೂ 2.154 ಆಗಿದ್ದರೆ, ರೌಂಡ್ ಆಫ್ ಮಾಡುವುದೇ ಗೊತ್ತಿಲ್ಲ ಎಂದರ್ಥ. ಆಗ ಉತ್ತರ ತಿದ್ದುವುದಕ್ಕಿಂತ ನಿಯಮ ಹೇಳಿಕೊಡುವುದು ಮುಖ್ಯ.

5. ಯಾವಾಗ ರೌಂಡ್ ಆಫ್ ಮಾಡಿದ್ದಾರೆ ಎಂದು ನೋಡಿ

d = 0.3825 ಎಂದು ನಾಲ್ಕು ಅಂಕಿ ಬರೆದಿರುವುದನ್ನು ಕಂಡ ಕೂಡಲೇ ಸುತ್ತು ಹಾಕಬೇಡಿ. ಲೆಕ್ಕದ ಮಧ್ಯೆ ಒಂದೆರಡು ಅಂಕಿ ಹೆಚ್ಚಿಗೆ ಹೊತ್ತುಕೊಂಡು ಹೋಗುವುದು ಸರಿಯಾದ ಕ್ರಮವೇ. ಮಧ್ಯದಲ್ಲಿ ಕಡಿದರೆ ಏನಾಗುತ್ತದೆ ಎಂಬುದಕ್ಕೆ ಇದೇ ಉದಾಹರಣೆ ಸಾಕು. 0.3825 ಹಾಗೇ ಇಟ್ಟರೆ 4.962, ಅಂದರೆ ಕೊನೆಗೆ 5.0 × 10⁻⁷. ಮೊದಲೇ 0.38ಕ್ಕೆ ಇಳಿಸಿ ಲೆಕ್ಕ ಮಾಡಿದರೆ 4.897, ಅಂದರೆ 4.9 × 10⁻⁷. ವ್ಯಾಸ ವರ್ಗವಾಗುವುದರಿಂದ ಅಲ್ಲಿನ ಸಣ್ಣ ಕಡಿತ ಎರಡು ಪಟ್ಟಾಗಿ ಉತ್ತರಕ್ಕೆ ಬಂದು ಕೂರುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಕಾನ್‌ಸ್ಟಂಟನ್‌ನ ಬೆಲೆ ಪುಸ್ತಕಗಳಲ್ಲಿ ಸುಮಾರು 4.9 × 10⁻⁷ ಎಂದಿರುತ್ತದೆ. ಮೊದಲೇ ಕಡಿದ ಮಗುವಿನ ಉತ್ತರ ಪುಸ್ತಕಕ್ಕೆ ಹೊಂದುತ್ತದೆ, ಸರಿಯಾಗಿ ಮಾಡಿದ ಮಗುವಿನದು ಹೊಂದುವುದಿಲ್ಲ. ಪುಸ್ತಕದ ಬೆಲೆ ಎದುರಿಗಿಟ್ಟುಕೊಂಡು ತಿದ್ದಿದರೆ ತಪ್ಪು ಮಾಡಿದವರಿಗೆ ಶಹಭಾಸ್ ಸಿಗುತ್ತದೆ. ಕ್ರಮ ನೋಡಿ ತಿದ್ದಿ.

ಹಾಗೆಂದು 4.9 ಬರೆದವರನ್ನು ದಂಡಿಸುವುದೂ ಬೇಡ. ವ್ಯಾಸದಲ್ಲಿ 0.38ಕ್ಕೆ 0.01ರ ಅನುಮಾನ ಎಂದರೆ ನೂರಕ್ಕೆ ಸುಮಾರು 2.6. ವರ್ಗವಾದ ಮೇಲೆ 5.3. ಉತ್ತರದಲ್ಲಿ ಅದು ಸುಮಾರು 0.3 × 10⁻⁷ರಷ್ಟು. 4.9 ಮತ್ತು 5.0ರ ನಡುವಿನ ಅಂತರ ಅದರ ಮೂರನೇ ಒಂದು ಭಾಗ ಮಾತ್ರ. "ಕೊನೆಯಲ್ಲಿ ಮಾತ್ರ ರೌಂಡ್ ಆಫ್ ಮಾಡು" ಎಂಬ ಟಿಪ್ಪಣಿ ಸಾಕು.

6. ಕೊನೆಯ ಅಂಕಿ 5 ಆದಾಗ

ಬಿಡುವ ಭಾಗ ಸರಿಯಾಗಿ 5 ಆಗಿದ್ದು ಅದರ ಮುಂದೆ ಏನೂ ಇಲ್ಲದಿದ್ದರೆ ಎರಡು ಪದ್ಧತಿಗಳಿವೆ. ಹೈಸ್ಕೂಲಿನಲ್ಲಿ ಕಲಿತವರು ಯಾವಾಗಲೂ ಮೇಲಕ್ಕೆ ಏರಿಸುತ್ತಾರೆ. 11ನೇ ತರಗತಿಯ ಎನ್‌ಸಿಇಆರ್‌ಟಿ ಭೌತಶಾಸ್ತ್ರ ಪುಸ್ತಕದಲ್ಲಿ ಹಿಂದಿನ ಅಂಕಿ ಸಮವಾಗಿದ್ದರೆ ಹಾಗೇ ಬಿಡುವುದು, ಬೆಸವಾಗಿದ್ದರೆ ಒಂದು ಏರಿಸುವುದು ನಿಯಮ. ಆ ಪ್ರಕಾರ 2.745 ಮತ್ತು 2.735 ಎರಡೂ 2.74 ಆಗುತ್ತವೆ. ನಮ್ಮ 0.3825 ಅನ್ನು ಮೂರು ಅಂಕಿಗೆ ಇಳಿಸಿದರೆ ಪುಸ್ತಕದ ನಿಯಮದಲ್ಲಿ 0.382, ಹೈಸ್ಕೂಲ್ ಪದ್ಧತಿಯಲ್ಲಿ 0.383. ಇಡೀ ರೆಕಾರ್ಡ್‌ನಲ್ಲಿ ಒಂದೇ ಪದ್ಧತಿ ಇದ್ದರೆ ಎರಡನ್ನೂ ಒಪ್ಪಿ.

0.382 ಹಿಡಿದು ಮುಂದೆ ಹೋದ ಮಗುವಿಗೆ 4.949 × 10⁻⁷ ಬರುತ್ತದೆ. ಎರಡು ಅಂಕಿಗೆ ಇಳಿಸಿದರೆ 4.9. ಆದರೆ ಕೆಲವರು ಮೊದಲು 4.95 ಮಾಡಿ, ಆಮೇಲೆ ಅದನ್ನು 5.0 ಮಾಡುತ್ತಾರೆ. ಇದು ಎರಡು ಸಲ ರೌಂಡ್ ಆಫ್ ಮಾಡಿದ ತಪ್ಪು. 4.949 ಎಂಬುದು 4.95ಕ್ಕಿಂತ ಕಡಿಮೆ, ಅದು 5.0 ಆಗಲು ದಾರಿಯೇ ಇಲ್ಲ. ರೆಕಾರ್ಡ್‌ನಲ್ಲಿ ಒಂದರ ಕೆಳಗೊಂದು ಮೂರು "=" ಗುರುತುಗಳಿದ್ದು ಪ್ರತಿ ಸಾಲಿನಲ್ಲೂ ಒಂದೊಂದು ಅಂಕಿ ಕಡಿಮೆಯಾಗುತ್ತಾ ಬಂದಿದ್ದರೆ ಇದನ್ನೇ ಹುಡುಕಿ.

7. ಫಲಿತಾಂಶದ ಸಾಲು ನೋಡಿ

ಲೆಕ್ಕದಲ್ಲಿ 4.962 × 10⁻⁷ ಇದ್ದು ಬಲಪುಟದ ಫಲಿತಾಂಶದಲ್ಲಿ 5 × 10⁻⁷ ಎಂದಿದ್ದರೆ ಒಂದು ಅಂಕಿ ಕಡಿಮೆಯಾಗಿದೆ. 5.0 ಎಂದು ಸೊನ್ನೆ ಸಮೇತ ಬರೆಯಬೇಕು, ಆ ಸೊನ್ನೆಯೂ ಅಳೆದು ಬಂದದ್ದೇ. 0.00000050 ಎಂದು ಉದ್ದಕ್ಕೆ ಬರೆದಿದ್ದರೆ ಅಂಕಿಗಳ ಲೆಕ್ಕ ಸರಿಯೇ, ಆದರೆ ಫೋಟೊದಲ್ಲಿ ಅಷ್ಟು ಸೊನ್ನೆಗಳನ್ನು ಎಣಿಸುವುದು ಕಷ್ಟ. ಘಾತ ರೂಪದಲ್ಲಿ ಬರೆಯಲು ಹೇಳಿ. ಘಾತದ ಮೈನಸ್ ಗುರುತು ಫೋಟೊದಲ್ಲಿ ಕಾಣದಿದ್ದರೆ ಅದನ್ನು ಮಗು ಬಿಟ್ಟಿದ್ದಾನೆ ಎಂದು ತಕ್ಷಣ ಬರೆಯಬೇಡಿ, ಲೆಕ್ಕದ ಸಾಲಿನಲ್ಲಿ ಇದೆಯೇ ನೋಡಿ.

8. ಟಿಪ್ಪಣಿ ಬರೆಯುವಾಗ

"ಸಿಗ್ನಿಫಿಕೆಂಟ್ ಫಿಗರ್ಸ್ ತಪ್ಪು" ಎಂದಷ್ಟೇ ಬರೆದರೆ ಮಗು ಕೊನೆಯ ಎರಡು ಅಂಕಿ ಅಳಿಸಿ ಮತ್ತೆ ಫೋಟೊ ಕಳಿಸುತ್ತದೆ, ಯಾಕೆ ಎಂಬುದು ತಿಳಿಯುವುದಿಲ್ಲ. ಯಾವ ಅಳತೆ ಮಿತಿ ಹಾಕಿತು ಎಂದು ಹೆಸರಿಸಿ. ಈ ರೆಕಾರ್ಡ್‌ಗೆ ಟಿಪ್ಪಣಿ ಹೀಗಿರಬಹುದು:

"ಲೆಕ್ಕ ಸರಿಯಿದೆ. ಎರಡನೇ ಸಾಲಿನಲ್ಲಿ l = 48.0, 100 − l = 52.0 ಎಂದು ಬರೆ. L = 0.500 ಮೀ. ಎಂದು ಬರೆ. ಸ್ಕ್ರೂ ಗೇಜ್ ಓದು ಎರಡೇ ಸಾರ್ಥಕ ಅಂಕಿ ಕೊಡುವುದರಿಂದ ρ = 5.0 × 10⁻⁷ ಓಮ್ ಮೀಟರ್. ಸರಾಸರಿ d = 0.3825 ಲೆಕ್ಕದಲ್ಲಿ ಹಾಗೇ ಇರಲಿ, ಅದನ್ನು ತಿದ್ದಬೇಡ."